ಬೇಡವೆಂದ ಕೆಲಸವನ್ನೇ ಮತ್ತೆ ಕೇಳಿದ್ದು

ಹರಿಹರ ರಸ್ತೆಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಿಂದ ಬಂದಿದ್ದ ಆಫರನ್ನು ನಾನು ಬೇಡ ಎಂದಿದ್ದೆ. ಸಂಬಳದ ತಕರಾರೇನೂ ಇರಲಿಲ್ಲ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದಾರೆ. ಅವರಿಗೆ ಕಲಬುರಗಿಗೆ ವರ್ಗವಾಗಿತ್ತು, ದಾವಣಗೆರೆ ಬಿಡುವುದು ಖಚಿತವಾಗಿತ್ತು. ಕೆಲವು ವಾರ ಕಳೆದ ಮೇಲೆ ಆ ಆದೇಶ ಬದಲಾಗಿ ಚಿತ್ರದುರ್ಗದ ಶಾಖೆ ಸಿಕ್ಕಿತು. ಬಸ್ಸಿನಲ್ಲಿ ದಿನಾ ಹೋಗಿ ಬರುವಷ್ಟು ದೂರ. ಮನೆ ಖಾಲಿ ಮಾಡುವ ಮಾತು ನಿಂತಿತು, ನನಗೆ ಆ ಕೆಲಸ ನೆನಪಾಯಿತು.

ಹಳೇ ಆಫರ್ ಲೆಟರ್ ಮೇಲ್‌ನಲ್ಲಿ ಇದ್ದೇ ಇತ್ತು. ಆದರೆ ನಾವೇ ತಿರಸ್ಕರಿಸಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಅವರು ಒಪ್ಪಿದರೂ ಹೊಸ ಪತ್ರವನ್ನೇ ಕೊಡಬೇಕು. ಹಾಗಾಗಿ "ಈಗ ಒಪ್ಪಿಕೊಳ್ಳುತ್ತೇನೆ" ಎಂದು ಬರೆಯುವ ಹಾಗಿರಲಿಲ್ಲ, "ಹುದ್ದೆ ಇನ್ನೂ ಖಾಲಿ ಇದೆಯೇ" ಎಂದು ಕೇಳುವುದಷ್ಟೇ ಸಾಧ್ಯವಿತ್ತು.

ಇಷ್ಟು ವಾರದಲ್ಲಿ ಬೇರೆಯವರು ಬಂದಿರುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ಅಂದರು. ನೇಮಕಾತಿ ಹತ್ತಿರದಿಂದ ನೋಡಿದವರಿಗೆ ಗೊತ್ತು, ಎರಡನೆಯ ಅಭ್ಯರ್ಥಿ ಒಪ್ಪಿದ ಮಾತ್ರಕ್ಕೆ ಕುರ್ಚಿ ತುಂಬುವುದಿಲ್ಲ. ಅವರಿಗೂ ಒಂದು ತಿಂಗಳಿಂದ ಮೂರು ತಿಂಗಳವರೆಗೆ ನೋಟಿಸ್ ಪೀರಿಯಡ್ ಇರುತ್ತದೆ. ಆ ನಡುವೆ ಹಳೇ ಕಂಪನಿ ಸಂಬಳ ಹೆಚ್ಚಿಸಿ ಉಳಿಸಿಕೊಳ್ಳುವುದೂ ಉಂಟು, ಬರುತ್ತೇನೆ ಎಂದವರು ಫೋನ್ ಎತ್ತದಿರುವುದೂ ಉಂಟು. ನಾನು ಲೆಕ್ಕ ಹಾಕಿದ್ದು ಈ ಸಂದನ್ನೇ. ಕಂಪನಿಯ ಜಾಹೀರಾತು ನೌಕರಿ ಜಾಲತಾಣದಲ್ಲಿ ಇನ್ನೂ ಕಾಣುತ್ತಿತ್ತು. ಆದರೆ ಹುದ್ದೆ ತುಂಬಿದ ಮೇಲೂ ಎಷ್ಟೋ ಕಡೆ ಅದನ್ನು ತೆಗೆಯುವುದಿಲ್ಲ, ನಾನು ಅದನ್ನು ನಂಬಿಕೊಳ್ಳಲಿಲ್ಲ.

ಯಾವಾಗ ಬರೆಯುವುದು ಎಂಬುದಕ್ಕೆ ನಮ್ಮ ಕಸುಬೇ ದಾರಿ ತೋರಿಸಿತು. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಬೇಕು. ಅಷ್ಟರೊಳಗೆ ಅಕೌಂಟ್ಸ್ ಮ್ಯಾನೇಜರ್‌ಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. 20 ದಾಟಲಿ ಎಂದು ಕಾದೆ. ಮೊದಲ ಸಲ ನನ್ನ ಹೆಸರು ಹೇಳಿದ್ದ ಪರಿಚಯದವರಿಗೆ ಮಾತ್ರ ಮುಂಚೆಯೇ ಫೋನ್ ಮಾಡಿ ವಿಷಯ ತಿಳಿಸಿದೆ. ಮ್ಯಾನೇಜರ್ ಬಾಯಿಂದ ಅವರು ಇದನ್ನು ಕೇಳುವಂತಾಗಬಾರದಿತ್ತು.

ಹೊಸ ಮೇಲ್ ಬರೆಯದೆ, ನಾನು ಬೇಡವೆಂದು ಬರೆದಿದ್ದ ಅದೇ ಮೇಲ್‌ಗೆ ಉತ್ತರವಾಗಿ ಎಚ್‌ಆರ್ ಮೇಡಂಗೆ ಕಳಿಸಿದೆ, ಮ್ಯಾನೇಜರ್‌ಗೆ ಪ್ರತಿ ಹಾಕಿದೆ. ಸಂದರ್ಶನ, ಸಂಬಳದ ಮಾತು ಎಲ್ಲ ಕೆಳಗೇ ಇರುವುದರಿಂದ ನಾನು ಯಾರೆಂದು ಹುಡುಕುವ ಕೆಲಸ ಅವರಿಗಿರಲಿಲ್ಲ. ಒಕ್ಕಣೆ ಇಷ್ಟೇ:

"ಅಕೌಂಟ್ಸ್ ಹುದ್ದೆ ಇನ್ನೂ ಖಾಲಿ ಇದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ. ಪತಿಯ ವರ್ಗಾವಣೆಯ ಕಾರಣಕ್ಕೆ ನಾನು ಆಫರ್ ಒಪ್ಪಿರಲಿಲ್ಲ. ಆ ಆದೇಶ ಬದಲಾಗಿ ಅವರು ಈಗಾಗಲೇ ಚಿತ್ರದುರ್ಗ ಶಾಖೆಯಲ್ಲಿ ಹಾಜರಾಗಿದ್ದಾರೆ. ನಾವು ದಾವಣಗೆರೆಯಲ್ಲೇ ಇರುತ್ತೇವೆ. ಹುದ್ದೆ ಇದ್ದರೆ ಮೊದಲು ಮಾತಾಡಿದ್ದ ಸಂಬಳಕ್ಕೆ, 30 ದಿನದ ನೋಟಿಸ್ ಮುಗಿಸಿ ಬರಬಲ್ಲೆ. ಭರ್ತಿಯಾಗಿದ್ದರೆ ಒಂದು ಸಾಲು ತಿಳಿಸಿದರೆ ಸಾಕು."

ಇದರಲ್ಲಿ ಕೆಲಸ ಮಾಡಿದ್ದು "ಈಗಾಗಲೇ ಹಾಜರಾಗಿದ್ದಾರೆ" ಎಂಬ ಮಾತು ಎಂದು ನನ್ನ ಅಂದಾಜು. ವರ್ಗಾವಣೆ ರದ್ದಾಗುವ ಸೂಚನೆಯಿದೆ ಎನ್ನುವಾಗಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಕ್ಷಮೆ ಕೇಳುವ ಉದ್ದ ಪ್ಯಾರಾ ಬರೆದು ಅಳಿಸಿದೆ. ಓದುವವರಿಗೆ ಅದರಿಂದ ತಿಳಿಯುವುದು ಏನೂ ಇರಲಿಲ್ಲ. ಸಂಬಳವನ್ನೂ ಮುಟ್ಟಲಿಲ್ಲ. ಒಮ್ಮೆ ಬೇಡವೆಂದವರು ತಿರುಗಿ ಬಂದು ಹೆಚ್ಚು ಕೇಳಿದರೆ ಮೊದಲನೆಯದೂ ಚೌಕಾಸಿಯೇ ಆಗಿತ್ತು ಎಂಬ ಗುಮಾನಿ ಬರುತ್ತದೆ.

ಎರಡು ದಿನ ಬಿಟ್ಟು ಉತ್ತರ ಬಂತು: ಇನ್ನೊಬ್ಬರಿಗೆ ಆಫರ್ ಕೊಟ್ಟಾಗಿದೆ, ಒಂದನೇ ತಾರೀಖು ಸೇರಬೇಕು, ಬರದಿದ್ದರೆ ತಿಳಿಸುತ್ತೇವೆ. ಧನ್ಯವಾದ ಹೇಳಿ ಸುಮ್ಮನಾದೆ. ನಡುವೆ ವಾಟ್ಸಾಪಿನಲ್ಲಿ ವಿಚಾರಿಸಲಿಲ್ಲ. ಬರಬೇಕಾದವರು ಬರಬಾರದು ಎಂದು ಕಾಯುವುದು ಅಷ್ಟೇನೂ ಚೆಂದದ ಸ್ಥಿತಿಯಲ್ಲ ಅನ್ನಿ. ಅವರು ಬರಲಿಲ್ಲ. ಮ್ಯಾನೇಜರ್ ಕರೆಸಿ ಲೆಕ್ಕದ ಒಂದು ಪ್ರಶ್ನೆಯನ್ನೂ ಕೇಳದೆ ನೇರವಾಗಿ ಅಂದರು: "ನಾಳೆ ಮತ್ತೆ ವರ್ಗದ ಆರ್ಡರ್ ಬಂದ್ರೆ ಏನ್ ಮಾಡ್ತೀರಿ ಮೇಡಂ?" ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. "ಬಂದರೆ ಅವರು ಹೋಗ್ತಾರೆ ಸರ್. ಮಗಳ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ನಾನು, ಅವಳು ಇಲ್ಲೇ" ಅಂದೆ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಿಯೇ ಹೋಗಿದ್ದೆ.

ಹೊಸ ಪತ್ರದಲ್ಲಿ ಸಂಬಳ ಮೊದಲಿನದ್ದೇ. ಪ್ರೊಬೇಷನ್ ಮಾತ್ರ ಮೂರು ತಿಂಗಳಿದ್ದದ್ದು ಆರಾಗಿತ್ತು. ಒಪ್ಪಿ ಸಹಿ ಮಾಡಿ ಕಳಿಸಿ, ಪತ್ರ ತಲುಪಿದೆ ಎಂದು ಅವರಿಂದ ಮೇಲ್ ಬಂದ ಮೇಲೆಯೇ ಹಳೇ ಆಫೀಸಿನಲ್ಲಿ ರಾಜೀನಾಮೆ ಕೊಟ್ಟೆ.