ರಾತ್ರಿಯ ಚಿವಡಾಕ್ಕೆ ಬೆಳಗಿನ ಗಂಜಿ

ಹೊಸ ಕೆಲಸಕ್ಕೆ ಸೇರಿದ ಮೇಲೆ ನನಗೆ ಆತಂಕ ಶುರುವಾಯಿತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹಿಡಿಯುವ ಹೊತ್ತಿಗೆ ಹೊಟ್ಟೆ ಹಿಂಡಿದ ಹಾಗಾಗುತ್ತಿತ್ತು. ಇಡ್ಲಿ ಬಾಯಿಗಿಟ್ಟರೆ ವಾಕರಿಕೆ. ಚಹಾ ಮಾತ್ರ ಇಳಿಯುತ್ತಿತ್ತು. ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ನಾಲ್ಕು ತಿಂಗಳಲ್ಲಿ 61 ಕಿಲೋ ಇದ್ದವಳು 57ಕ್ಕೆ ಇಳಿದೆ.

ಡಾಕ್ಟರು ಮೊದಲು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ. ಅದಕ್ಕೇ ಸುಮ್ನೆ ಆತಂಕ ಅಂತ ತಿಳಿದು ಕೂರಬಾರದು. ನನ್ನದು ಎರಡೂ ಸರಿಯಿತ್ತು.

ಆಮೇಲೆ ತೂಕ ಏರತೊಡಗಿತು, 64ರವರೆಗೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತುಕೊಂಡೇ ಚಿವಡಾ ತಿನ್ನುತ್ತಿದ್ದೆ. ಡಬ್ಬದ ತಳ ಕೈಗೆ ತಾಗಿದಾಗಲೇ ಎಷ್ಟು ತಿಂದೆ ಅಂತ ಗೊತ್ತಾಗುತ್ತಿದ್ದುದು. ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನೇ ಬೈದುಕೊಂಡೆ, ಚಿವಡಾ ತರುವುದನ್ನೇ ನಿಲ್ಲಿಸಿದೆ. ಆಗ ಬಿಸ್ಕತ್ತು ಶುರುವಾಯಿತು.

ಡಯಟೀಷಿಯನ್ ಧಾರವಾಡದ ಕಡೆಯವರು. "ಅಕ್ಕಾರ, ರಾತ್ರೀದು ಬಿಡ್ರಿ. ಮುಂಜಾನಿ ಏನ್ ತಿಂದೀರಿ ಹೇಳ್ರಿ" ಅಂದರು. ಒಂದು ವಾರ ಬರೆದಿಡಲು ಹೇಳಿದರು: ಎಷ್ಟು ಗಂಟೆಗೆ, ಏನು ತಿಂದೆ, ಮನಸ್ಸು ಹೇಗಿತ್ತು. ಮಂಗಳವಾರ ಸಂಜೆ ಐದರವರೆಗೆ ಮೂರು ಚಹಾ, ಒಂದು ಚಪಾತಿ. ರಾತ್ರಿ ಡಬ್ಬ ಖಾಲಿ. ಗುರುವಾರ ರಜೆ, ಮಧ್ಯಾಹ್ನ ಸರಿಯಾಗಿ ಉಂಡಿದ್ದೆ. ಆ ರಾತ್ರಿ ಅಡುಗೆಮನೆಗೇ ಹೋಗಿರಲಿಲ್ಲ. ಆತಂಕ ಹಗಲಿಡೀ ಹಸಿವನ್ನು ಅದುಮಿಡುತ್ತಿತ್ತು. ರಾತ್ರಿ ಮನಸ್ಸು ಸಡಿಲವಾದಾಗ ದೇಹ ಬಾಕಿ ವಸೂಲಿ ಮಾಡುತ್ತಿತ್ತು.

ಹಾಗಾಗಿ ಹಸಿವು ಬರಲಿ ಅಂತ ಕಾಯುವುದನ್ನು ಬಿಟ್ಟು ಗಡಿಯಾರ ನೋಡಿ ತಿನ್ನಲು ಶುರು ಮಾಡಿದೆ. ಎದ್ದು ಒಂದು ಗಂಟೆಯೊಳಗೆ ಅರ್ಧ ಲೋಟ ತೆಳ್ಳಗಿನ ಗಂಜಿ, ಉಪ್ಪು, ಸ್ವಲ್ಪ ಮಜ್ಜಿಗೆ. ಅಗಿಯುವುದಕ್ಕಿಂತ ಕುಡಿಯುವುದು ಸುಲಭ. ಚಹಾ ಆಮೇಲೆ, ಖಾಲಿ ಹೊಟ್ಟೆಗೆ ಚಹಾ ಕುಡಿದರೆ ನನಗೆ ನಡುಕ ಜಾಸ್ತಿಯಾಗುತ್ತಿತ್ತು. ಹನ್ನೊಂದಕ್ಕೆ ಬಾಳೆಹಣ್ಣು, ಒಂದೂವರೆಗೆ ಡಬ್ಬಿ, ವಾಪಸ್ ರೈಲು ಹತ್ತುವ ಮೊದಲು ಒಂದು ಮುಷ್ಟಿ ಹುರಿಗಡಲೆ. ಮೊದಲ ಹತ್ತು ದಿನ ಗಂಜಿಯೂ ಕಷ್ಟವೇ. ಕೆಲವು ದಿನ ನಾಲ್ಕೇ ಚಮಚ, ಆದರೂ ಹೊತ್ತು ತಪ್ಪಿಸಲಿಲ್ಲ. ಮೂರನೇ ವಾರ ಬೆಳಗ್ಗೆ ತಾನಾಗಿ ಹಸಿವಾಯಿತು.

ಚಿವಡಾ ಮತ್ತೆ ತಂದೆ. ಬಟ್ಟಲಿಗೆ ಹಾಕಿ, ದೀಪ ಹಚ್ಚಿ, ಕೂತು ತಿನ್ನುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ: ಈಗ ಮೊಸರನ್ನ ಕೊಟ್ಟರೆ ತಿನ್ನುತ್ತೀನಾ? ಹೌದು ಅನ್ನಿಸಿದರೆ ನಿಜವಾದ ಹಸಿವು, ಮೊಸರನ್ನವನ್ನೇ ಉಣ್ಣುತ್ತೇನೆ. ಚಿವಡಾನೇ ಬೇಕು ಅನ್ನಿಸಿದರೆ ಕಾಡುತ್ತಿರುವುದು ಬೇರೇನೋ. ಅದಕ್ಕೆ ಕೌನ್ಸೆಲಿಂಗ್ ಬೇಕಾಯಿತು, ಗಂಜಿಯಿಂದ ಆತಂಕ ಹೋಗಲಿಲ್ಲ.

ತೂಕ ಈಗ ವಾರಕ್ಕೊಮ್ಮೆ ಮಾತ್ರ ನೋಡುತ್ತೇನೆ. ಆರು ತಿಂಗಳಿಂದ 61, 62ರ ನಡುವೆ ನಿಂತಿದೆ. ಆಡಿಟ್ ವಾರ ಬಂದರೆ ವಾಕರಿಕೆ ಮತ್ತೆ ಬರುತ್ತದೆ. ಆಗ ಹಿಂದಿನ ರಾತ್ರಿಯೇ ಗಂಜಿ ಮಾಡಿ ಫ್ಲಾಸ್ಕಿಗೆ ಹಾಕಿಡುತ್ತೇನೆ.