ಫ್ಲೇವರ್ ಕ್ರಿಯಾಟಿನ್‌ನಲ್ಲಿ ನನ್ನ ಹೊಟ್ಟೆ ಕೆಡಿಸಿದ್ದು ಹಾಲಲ್ಲ

ಕಾರವಾರದ ನಮ್ಮ ಜಿಮ್‌ನಲ್ಲಿ ಎಲ್ಲರದ್ದೂ ಒಂದೇ ಮಾತಾಗಿತ್ತು: "ನಿಂಗೆ ಹಾಲೇ ಆಗೋದಿಲ್ಲ, ಕ್ರಿಯಾಟಿನ್ ಎಲ್ಲಿ ಆಗ್ತದೆ ಮಾರಾಯ, ಬಿಟ್ಟುಬಿಡು." ವ್ಯಾಯಾಮಕ್ಕೆ ಬಲ ಬರಲಿ ಅಂತ ತಗೊಳ್ಳುವ ಈ ಕ್ರಿಯಾಟಿನ್ ಪುಡಿಯ ವೆನಿಲಾ ಡಬ್ಬಿ ಶುರು ಮಾಡಿದಾಗಿನಿಂದ ಹೊಟ್ಟೆ ಉಬ್ಬರ, ಸಂಜೆಗೆ ಭೇದಿ. ಈಗ ದಿನಾ ಕ್ರಿಯಾಟಿನ್ ತಗೊಳ್ತೇನೆ, ಹೊಟ್ಟೆ ಆರಾಮಾಗಿದೆ.

ಮೊದಲು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಲ್ಯಾಕ್ಟೇಸ್ ಮಾತ್ರೆ ನುಂಗಿ ನೋಡಿದೆ. ಹಾಲಿನ ಚಹಾಕ್ಕೆ ಅದು ಕೆಲಸ ಮಾಡ್ತಿತ್ತು, ಈ ಡಬ್ಬಿಗೆ ಮಾಡಲಿಲ್ಲ. ಆಮೇಲೆ 'ಲ್ಯಾಕ್ಟೋಸ್ ಇಲ್ಲ' ಅಂತ ಬರೆದ ಬೇರೆ ಫ್ಲೇವರ್ ತಂದೆ. ಅದೂ ಹಾಗೇ. ಹೆಚ್ಚುಕಡಿಮೆ ಮೂರು ಸಾವಿರ ರೂಪಾಯಿ ನೀರಿಗೆ ಹೋಯ್ತು.

ಆಗ ವೆನಿಲಾ ಡಬ್ಬಿಯ ಲೇಬಲ್ ಹಿಡಿದು ಲೆಕ್ಕಕ್ಕೆ ಕೂತೆ. ಸ್ಕೂಪ್ ಸುಮಾರು 10 ಗ್ರಾಂ, ಕ್ರಿಯಾಟಿನ್ 3 ಗ್ರಾಂ. ಉಳಿದ 7 ಗ್ರಾಂ ಏನು? ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಕ್ರಿಯಾಟಿನ್ ಆದ ಮೇಲೆ ಸಕ್ಕರೆ ಬದಲು ಹಾಕುವ ಸಿಹಿ ಸಾರ್ಬಿಟಾಲ್, ಮಾಲ್ಟೋಡೆಕ್ಸ್‌ಟ್ರಿನ್, ಕೆನೆ ತೆಗೆದ ಹಾಲಿನ ಪುಡಿ, ಕೊನೆಗೆ ಚೂರುಪಾರು ಸುಕ್ರಲೋಸ್ ಮತ್ತು ಪರಿಮಳ. ಅಂದರೆ 7 ಗ್ರಾಂ ಮೊದಲ ಮೂರಕ್ಕೂ ಸಮ ಹಂಚಿದರೂ ಹಾಲಿನ ಪುಡಿ 2.3 ಗ್ರಾಂ ದಾಟುವುದಿಲ್ಲ. ಅದರಲ್ಲಿ ಲ್ಯಾಕ್ಟೋಸ್ ಅರ್ಧದಷ್ಟು, ಒಂದು ಗ್ರಾಂ ಚಿಲ್ಲರೆ. ಒಂದು ಲೋಟ ಹಾಲಿನಲ್ಲಿ 9–10 ಗ್ರಾಂ ಇರುತ್ತದೆ. ಅಷ್ಟಕ್ಕೆ ನನ್ನ ಹೊಟ್ಟೆ ಹೀಗೆ ಕುಣಿಯಬಾರದು, ಅಲ್ವಾ? ಸಾರ್ಬಿಟಾಲ್ ಮಾತ್ರ 2 ಗ್ರಾಂ ಮೇಲೇ ಇರಬೇಕು. ದಿನಕ್ಕೆ ಎರಡು ಸ್ಕೂಪ್ ಅಂದರೆ ಹತ್ತಿರ ಹತ್ತಿರ 5 ಗ್ರಾಂ. ಅದು ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ, ನೀರು ಎಳೆಯುತ್ತದೆ, ಗ್ಯಾಸ್ ಮಾಡುತ್ತದೆ.

ಒಂದೊಂದಾಗಿ ಪರೀಕ್ಷೆ ಮಾಡಿದೆ. ಫ್ಲೇವರ್ ಇಲ್ಲದ ಕ್ರಿಯಾಟಿನ್ ಮೋನೋಹೈಡ್ರೇಟ್ 3 ಗ್ರಾಂ ಮಾತ್ರ, ಕೆಲವು ದಿನ: ಹೊಟ್ಟೆ ಶಾಂತ. ಅದಕ್ಕೇ ಅರ್ಧ ಚಮಚ ಹಾಲಿನ ಪುಡಿ ಸೇರಿಸಿದೆ: ಏನೂ ಇಲ್ಲ. ಹಾಲಿನ ಪುಡಿ ಬಿಟ್ಟು ಸಾರ್ಬಿಟಾಲ್ ಇರುವ ಸಕ್ಕರೆರಹಿತ ಪೆಪ್ಪರ್‌ಮಿಂಟ್ ಒಂದು ಮುಷ್ಟಿ ತಿಂದೆ: ಸಂಜೆಯೊಳಗೆ ಗುಡುಗುಡು ಶುರು. ಕಳ್ಳ ಸಿಕ್ಕಿದ.

ಹಾಗಾಗಿ ಲೇಬಲ್‌ನಲ್ಲಿ ಸಾರ್ಬಿಟಾಲ್ ಮತ್ತು ಅದರ ಜಾತಿಯ ಸಿಹಿಗಳ ಹೆಸರು ಕಾಣದಿದ್ದರೆ ನಂಬರ್ ಹುಡುಕಿ: 420 ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್.

ಹಾಲಿನ ಅಲರ್ಜಿ ಇದ್ದವರು ನನ್ನ ಈ ಲೆಕ್ಕ, ಈ ಪರೀಕ್ಷೆ ಎರಡನ್ನೂ ಮುಟ್ಟಬೇಡಿ. ನಿಮಗೆ ಚಿಟಿಕೆಯೂ ಅಪಾಯ. ಪಟ್ಟಿಯ ಕೆಳಗಿನ ಅಲರ್ಜಿ ಸಾಲಿನಲ್ಲಿ ಹಾಲು ಕಂಡರೆ ಡಬ್ಬಿ ವಾಪಸ್ ಇಡಿ. ಗ್ಲುಟೆನ್ ಆಗದವರು ಚಾಕೊಲೇಟ್ ಫ್ಲೇವರ್‌ನಲ್ಲಿ ಮಾಲ್ಟ್ ಇದೆಯಾ ನೋಡಿ, ಅದು ಸಾಮಾನ್ಯವಾಗಿ ಬಾರ್ಲಿಯದು. ಜಿಮ್‌ನಲ್ಲಿ ಎಲ್ಲರೂ ಅದ್ದುವ ಸ್ಕೂಪ್ ಅಂತೂ ಬೇಡವೇ ಬೇಡ.

ಈಗ ನನ್ನ ಫ್ಲೇವರ್ ಮುರುಗಲು. ಸಿಪ್ಪೆ ನೆನೆಸಿದ ನೀರು, ಚೂರು ಬೆಲ್ಲ, ಜೀರಿಗೆ. ಇನ್ನೊಂದು ಸಾಮಾನು ಇದೆ, ಅದನ್ನು ಹೇಳುವುದಿಲ್ಲ. ತಿಂಗಳ ಖರ್ಚು ಅರ್ಧಕ್ಕಿಳಿದಿದೆ. ಹುಳಿಯಲ್ಲಿ ಕ್ರಿಯಾಟಿನ್ ನಿಧಾನಕ್ಕೆ ಕೆಲಸಕ್ಕೆ ಬಾರದ ಕ್ರಿಯಾಟಿನಿನ್ ಆಗಿಬಿಡುತ್ತದೆ, ಹಾಗಾಗಿ ಬೆಳಿಗ್ಗೆ ಕಲಸಿ ಬಾಟಲಿಯಲ್ಲಿ ಸಂಜೆವರೆಗೆ ಇಡಬೇಡಿ. ಕಲಸಿದ ಕೂಡಲೇ ಕುಡಿಯಿರಿ.