ಲಾಕ್ ಗುಂಡಿ ಮೇಲೇ ಇತ್ತು, ಆದರೂ ಕಾರ್ಡ್ ಲಾಕ್ ಆಗಿತ್ತು

ಸಾಗರದ ಕಡೆ ಮದುವೆ, ಉಪನಯನದ ಫೋಟೊ ತೆಗೆಯುವುದು ನನ್ನ ಕೆಲಸ. ಹೋದ ವೈಶಾಖದಲ್ಲಿ ಒಂದು ಮದುವೆ ಮುಗಿಸಿ ಮನೆ ಸೇರುವಾಗ ರಾತ್ರಿ ಹತ್ತೂವರೆ. 64 ಜಿಬಿ ಎಸ್‌ಡಿ ಕಾರ್ಡಿನಲ್ಲಿ ಸುಮಾರು 1600 ರಾ ಫೈಲುಗಳಿದ್ದವು. ಒಂದೊಂದೂ 25 ಎಂಬಿ ಆಸುಪಾಸು, ಒಟ್ಟು ನಲವತ್ತು ಜಿಬಿ. ಎಷ್ಟೇ ಸುಸ್ತಾಗಿದ್ದರೂ ಅವನ್ನು ಕಂಪ್ಯೂಟರಿಗೆ ಇಳಿಸದೆ ನಾನು ಮಲಗುವುದಿಲ್ಲ.

ಅವತ್ತು ಕಾರ್ಡ್ ರೀಡರಿಗೆ ಕಾರ್ಡ್ ಹಾಕಿದೆ, ಕೆಂಪು ದೀಪ ಹತ್ತಿತು. ಕಂಪ್ಯೂಟರ್ ಮಾತ್ರ ತುಟಿ ಬಿಚ್ಚಲಿಲ್ಲ. ಡ್ರೈವ್ ಬರಲಿಲ್ಲ, ಸಾಧನ ಸಿಕ್ಕಾಗ ಬರುವ ‘ಟಿಂಗ್’ ಶಬ್ದವೂ ಇಲ್ಲ.

ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. “ಮಾವ, ಲಾಕ್ ಬಿದ್ದಿರ್ಬೇಕು” ಅಂದ. ಕಾರ್ಡ್ ಹೊರಗೆ ತೆಗೆದು ಎಡಬದಿಯ ಪುಟ್ಟ ಗುಂಡಿಯನ್ನು ಮೇಲೆ ಸರಿಸಿದೆವು, ಕೆಳಗೆ ಸರಿಸಿದೆವು. ಹಳದಿ ಪಿನ್ನುಗಳನ್ನು ಒಣಬಟ್ಟೆಯಲ್ಲಿ ಒರೆಸಿದೆವು. ಅರ್ಧ ಗಂಟೆ ಹೋಯಿತು, ಏನೂ ಆಗಲಿಲ್ಲ.

ಆ ಅರ್ಧ ಗಂಟೆ ದಂಡವಾಗಿದ್ದು ಆ ಗುಂಡಿ ಏನು ಮಾಡುತ್ತದೆ ಎಂಬುದು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿಲ್ಲದ್ದರಿಂದ. ಲಾಕ್ ತಡೆಯುವುದು ಬರೆಯುವುದನ್ನು ಮಾತ್ರ, ಓದುವುದನ್ನಲ್ಲ. ಲಾಕ್ ಆಗಿರುವ ಕಾರ್ಡಿನಿಂದ ಫೋಟೊ ನೋಡಬಹುದು, ಕಾಪಿ ಮಾಡಬಹುದು. ಅಳಿಸುವುದು, ಹೊಸದು ಹಾಕುವುದು, ಫಾರ್ಮ್ಯಾಟ್ ಮಾಡುವುದು ಆಗುವುದಿಲ್ಲ, ಅಷ್ಟೆ. ಕಾರ್ಡೇ ಕಾಣಿಸುತ್ತಿಲ್ಲ ಎಂದರೆ ಲಾಕನ್ನು ದೂರಿ ಪ್ರಯೋಜನವಿಲ್ಲ.

ಕೊನೆಗೆ ಕಾರ್ಡನ್ನು ಪಕ್ಕಕ್ಕಿಟ್ಟು ಖಾಲಿ ರೀಡರನ್ನೇ ಸಿಕ್ಕಿಸಿ ನೋಡಿದೆ. ಮೊದಲೇ ಮಾಡಬೇಕಾಗಿದ್ದು ಇದನ್ನು. ರೀಡರ್ ಸರಿಯಿದ್ದರೆ ಕಾರ್ಡ್ ಇಲ್ಲದಿದ್ದರೂ ಕಂಪ್ಯೂಟರ್ ಅದನ್ನು ಗುರುತಿಸಿ ಶಬ್ದ ಮಾಡುತ್ತದೆ. ಎಷ್ಟೋ ರೀಡರುಗಳಿಗೆ ಖಾಲಿ ಡ್ರೈವ್ ಒಂದು ಕಾಣಿಸಿಕೊಂಡು, ಅದನ್ನು ಒತ್ತಿದರೆ Please insert a disk ಎನ್ನುತ್ತದೆ. ಖಾಲಿ ರೀಡರಿಗೆ ಈ ಮಾತು ಬಂದು, ಕಾರ್ಡ್ ಹಾಕಿದ ಮೇಲೂ ಅದೇ ಬಂದರೆ ಆಗ ಅನುಮಾನ ಕಾರ್ಡಿನ ಮೇಲೆ, ಇಲ್ಲವೇ ರೀಡರಿನ ಪಿನ್ನುಗಳ ಮೇಲೆ. ನನ್ನದರಲ್ಲಿ ಖಾಲಿ ರೀಡರಿಗೂ ಸದ್ದಿಲ್ಲ. ಕಾರ್ಡ್ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು.

ಉಳಿದದ್ದು ಕೇಬಲ್. ನೋಡಿದರೆ ಅದು ರೀಡರಿನ ಜೊತೆ ಬಂದದ್ದಲ್ಲ, ತೋಟಕ್ಕೆ ಒಯ್ಯುವ ಚಾರ್ಜಿಂಗ್ ಟಾರ್ಚಿನದ್ದು. ಎರಡಕ್ಕೂ ಮೈಕ್ರೊ ಯುಎಸ್‌ಬಿ ಮೂತಿಯೇ ಆದ್ದರಿಂದ ಅವಸರದಲ್ಲಿ ಅದಲುಬದಲಾಗಿತ್ತು. ಸಾಮಾನ್ಯ ಯುಎಸ್‌ಬಿ ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಅಗ್ಗದ ಚಾರ್ಜಿಂಗ್ ಕೇಬಲಿನಲ್ಲಿ ಎಷ್ಟೋ ಸಲ ಕರೆಂಟಿನ ಎರಡೇ ಇರುತ್ತವೆ. ಅದಕ್ಕೇ ದೀಪ ಹತ್ತಿತು, ಮಾತು ಮಾತ್ರ ದಾಟಲಿಲ್ಲ. ದೀಪ ಹತ್ತಿದ್ದು ಕಂಡೇ ನಾನು ಕೇಬಲ್ ಸರಿಯಿದೆ ಎಂದುಕೊಂಡು ಮೋಸಹೋಗಿದ್ದೆ. ಕೈಲಿರುವ ಕೇಬಲ್ ಯಾವ ಜಾತಿಯದು ಎಂದು ತಿಳಿಯಲು ಅದೇ ಮೂತಿಯ ಫೋನಿಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಸಾಕು. ಫೋನ್ ಚಾರ್ಜ್ ಆಗುತ್ತಾ ಫೈಲ್ ವರ್ಗಾವಣೆಯ ಆಯ್ಕೆಯನ್ನೇ ತೋರದಿದ್ದರೆ ಅದು ಬರೀ ಚಾರ್ಜಿಂಗಿನದ್ದು.

ಬ್ಯಾಗಿನ ತಳದಲ್ಲಿ ಸಿಕ್ಕ ಅಸಲಿ ಕೇಬಲ್ ಹಾಕಿದ್ದೇ ತಡ, ಟಿಂಗ್. DCIM ಫೋಲ್ಡರ್ ಬಂತು. ಎಂಟು-ಹತ್ತು ಫೋಟೊ ಇಳಿಯುವಷ್ಟರಲ್ಲಿ ಒಮ್ಮೆ ಸಂಪರ್ಕ ತಪ್ಪಿತು. ಸಿಪಿಯು ಮುಂಬದಿಯ ಪೋರ್ಟಿಗೆ ಎಕ್ಸ್‌ಟೆನ್ಷನ್ ವಯರ್ ಹಾಕಿ ಅದರ ತುದಿಗೆ ರೀಡರ್ ಸಿಕ್ಕಿಸಿದ್ದೆ. ಅದನ್ನು ಬಿಟ್ಟು ಸಿಪಿಯು ಹಿಂಬದಿಯ ಪೋರ್ಟಿಗೇ ನೇರವಾಗಿ ಕೊಟ್ಟ ಮೇಲೆ ಆ ಕಾಟ ತಪ್ಪಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಹುಡುಗ ಕಾಪಿ ಮಾಡುವ ಬದಲು ಕಟ್ ಮಾಡಿ ಪೇಸ್ಟ್ ಕೊಟ್ಟಿದ್ದ. ಕಟ್ ಎಂದರೆ ಮೂಲದಿಂದ ಅಳಿಸಬೇಕಲ್ಲ, ಪರದೆಯ ಮೇಲೆ The disk is write-protected ಎಂದು ಬಂತು. ಅವನಿಗೆ ಬೈದೆ. ಮದುವೆಯ ಫೋಟೊಗಳನ್ನು ಯಾರೂ ಕಟ್ ಮಾಡಬಾರದು, ನಡುವೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಎಂದು ಹುಡುಕಿ ಸಾಯಬೇಕು. ಆದರೆ ಆ ಎಚ್ಚರಿಕೆ ಯಾಕೆ ಬಂತು? ಒಳಗೆ ಹಾಕುವಾಗ ಗುಂಡಿ ಮೇಲೆ, ಪಿನ್ನುಗಳ ಕಡೆಗೇ ಇತ್ತು, ಅಂದರೆ ಲಾಕ್ ತೆಗೆದಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ರೀಡರನ್ನು ಅದಕ್ಕೆ ಹಾಕಿ ಅವನು ಇದನ್ನು ಒತ್ತಿದ:

```
sudo dmesg | tail
```

ಬಂದ ಸಾಲುಗಳಲ್ಲಿ ಒಂದು `[sdb] Write Protect is on` ಎಂದಿತ್ತು. ಕಾರ್ಡ್ ಹೊರತೆಗೆದು ನೋಡಿದರೆ ಗುಂಡಿ ಕೆಳಗಿದೆ! ಮೇಲೆ ಮಾಡಿ ಹಾಕಿದೆ, ತೆಗೆದೆ, ಮತ್ತೆ ಕೆಳಗೆ. ವರ್ಷಗಟ್ಟಲೆ ಹಾಕಿ ತೆಗೆದು ಗುಂಡಿ ಸಡಿಲವಾಗಿತ್ತು. ಕಾರ್ಡನ್ನು ಒಳಗೆ ತಳ್ಳುವಾಗ ಸ್ಲಾಟಿನ ಅಂಚು ಅದನ್ನು ಹಿಂದಕ್ಕೆ ಒತ್ತುತ್ತದೆ, ಲಾಕ್ ಬೀಳುವ ದಿಕ್ಕೂ ಅದೇ.

ಇಷ್ಟು ವರ್ಷ ನಾನು ಆ ಗುಂಡಿ ಕಾರ್ಡಿನೊಳಗಿನ ಯಾವುದೋ ಸ್ವಿಚ್ ಎಂದೇ ನಂಬಿದ್ದೆ. ಅಲ್ಲ. ಅದು ಬರೀ ಪ್ಲಾಸ್ಟಿಕ್ ಚೂರು, ಒಳಗಿನ ಚಿಪ್ಪಿಗೆ ಅದರ ಸುದ್ದಿಯೇ ಇಲ್ಲ. ಸ್ವಿಚ್ ಇರುವುದು ರೀಡರಿನಲ್ಲಿ, ಕ್ಯಾಮೆರಾದಲ್ಲಿ. ಕಾರ್ಡಿನ ಬದಿಯ ಕಚ್ಚು ಮುಚ್ಚಿದೆಯೋ ತೆರೆದಿದೆಯೋ ಎಂದು ಅಲ್ಲಿನ ಒಂದು ಸಣ್ಣ ಲೋಹದ ನಾಲಿಗೆ ಮುಟ್ಟಿ ನೋಡುತ್ತದೆ. ಗುಂಡಿ ಮೇಲಿದ್ದು ಕಚ್ಚು ಮುಚ್ಚಿದ್ದರೆ ಬರೆಯಬಹುದು, ಗುಂಡಿ ಕೆಳಗೆ ಸರಿದು ಕಚ್ಚು ತೆರೆದಿದ್ದರೆ ಕೂಡದು. ಗುಂಡಿ ಪೂರ್ತಿ ಕಿತ್ತುಹೋದ ಕಾರ್ಡ್ ಸದಾ ಲಾಕ್ ಎಂದು ತೋರುವುದೂ ಇದಕ್ಕೇ. ಆ ನಾಲಿಗೆಯೇ ಇಲ್ಲದ ಅಗ್ಗದ ರೀಡರಿಗೆ ಹಾಕಿದರೆ ಲಾಕ್ ಇದ್ದರೂ ಆರಾಮಾಗಿ ಬರೆಯುತ್ತದೆ. ನಾಲಿಗೆ ಬಾಗಿದ ರೀಡರ್ ಎಲ್ಲ ಕಾರ್ಡನ್ನೂ ಲಾಕ್ ಎನ್ನಬಹುದು. ಹಾಗಾಗಿ ದೋಷ ಕಾರ್ಡಿನದೋ ರೀಡರಿನದೋ ತಿಳಿಯಲು ಇನ್ನೊಂದು ಕಾರ್ಡನ್ನು ಅದೇ ರೀಡರಿಗೆ ಹಾಕಿ ನೋಡಬೇಕು. ನನ್ನ ಇನ್ನೊಂದು ಕಾರ್ಡಿಗೆ ರೀಡರ್ ತಕರಾರು ಮಾಡಲಿಲ್ಲ, ತಪ್ಪು ಈ ಗುಂಡಿಯದೇ.

ಆ ರಾತ್ರಿ ಬರೆಯುವ ಅಗತ್ಯ ನನಗಿರಲಿಲ್ಲ, ಕಾಪಿ ಮಾಡಿದೆ, ಇಪ್ಪತ್ತು ನಿಮಿಷದ ಮೇಲೆ ಹಿಡಿಯಿತು. ನಿಜ ಹೇಳಬೇಕೆಂದರೆ ಕಾಪಿಯ ಹೊತ್ತಿಗೆ ಲಾಕ್ ಇದ್ದರೇ ಒಳ್ಳೆಯದು. ಕೈತಪ್ಪಿ ಅಳಿಸುವ ಭಯವಿಲ್ಲ. ಈಗ ಬೇಕೆಂದೇ ಲಾಕ್ ಮಾಡಿ ರೀಡರಿಗೆ ಹಾಕುತ್ತೇನೆ.

ತೊಂದರೆ ಬಂದದ್ದು ಮರುದಿನ, ಕ್ಯಾಮೆರಾವೂ ಅದೇ ಕಾರ್ಡನ್ನು ಲಾಕ್ ಎಂದಾಗ. ಸಂಜೆ ಆರತಕ್ಷತೆ ಇತ್ತು, ಪೇಟೆಗೆ ಹೋಗಲು ಸಮಯವಿರಲಿಲ್ಲ. ಗುಂಡಿಯನ್ನು ಮೇಲೆ ಸರಿಸಿ, ತೆಳ್ಳನೆಯ ಸೆಲೊಟೇಪಿನ ಸಣ್ಣ ತುಂಡು ಕತ್ತರಿಸಿ ಕಚ್ಚು ಮುಚ್ಚುವ ಹಾಗೆ ಅಂಚಿನ ಮೇಲೆ ಒಂದೇ ಪದರ ಅಂಟಿಸಿದೆ, ಉಗುರಿನಿಂದ ಒತ್ತಿ ಕೂರಿಸಿದೆ. ಹಿಂಬದಿಯ ಪಿನ್ನುಗಳ ಮೇಲೆ ಟೇಪ್ ಹೋಗಕೂಡದು. ಎಲೆಕ್ಟ್ರಿಷಿಯನ್ನರ ಕಪ್ಪು ಟೇಪ್ ದಪ್ಪ, ಅದನ್ನು ಹಾಕಿದರೆ ಕಾರ್ಡ್ ಒಳಗೆ ಸಿಕ್ಕಿಕೊಳ್ಳುತ್ತದೆ. ಕಾರ್ಡಿನ ಪೂರ್ತಿ ದಪ್ಪವೇ 2.1 ಮಿಲಿಮೀಟರ್, ಸ್ಲಾಟಿನಲ್ಲಿ ಹೆಚ್ಚುವರಿ ಜಾಗವೆಲ್ಲಿ? ಟೇಪ್ ಹಾಕಿದ ಮೇಲೆ ಕ್ಯಾಮೆರಾ ಸುಮ್ಮನಾಯಿತು. ಮದುವೆಯ ಫೋಟೊಗಳು ಎರಡು ಡಿಸ್ಕಿನಲ್ಲಿ ಇವೆಯೆಂದು ನೋಡಿಕೊಂಡೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದೆ.

ಆದರೆ ಇದು ಒಂದು ಸಂಜೆಯ ಉಪಾಯ. ಕ್ಯಾಮೆರಾ ಬಿಸಿಯಾದಾಗ ಟೇಪಿನ ಅಂಟು ಕರಗಿ ಸ್ಲಾಟಿನೊಳಗೆ ಉಳಿದರೆ ರಿಪೇರಿ ಖರ್ಚು ಹೊಸ ಕಾರ್ಡಿಗಿಂತ ಹೆಚ್ಚು. ಗುಂಡಿ ಸರಿಯಿದ್ದೂ, ಬೇರೆ ರೀಡರಿನಲ್ಲೂ ಲಾಕ್ ಎಂದೇ ಬರುವ ಕಾರ್ಡಿಗೆ ಟೇಪ್ ಹಚ್ಚಿ ಪ್ರಯೋಜನವೂ ಇಲ್ಲ. ಅಲ್ಲಿ ಬರೆಯುವುದನ್ನು ನಿಲ್ಲಿಸಿರುವುದು ಒಳಗಿನ ಚಿಪ್ಪೇ ಇರಬಹುದು. ಇದ್ದದ್ದನ್ನು ಕಾಪಿ ಮಾಡಿಕೊಂಡು ಕೈಬಿಡಬೇಕು.

ವಾರದೊಳಗೆ ಹೊಸ ಕಾರ್ಡ್ ತಂದೆ. ಟೇಪಿನ ಕಾರ್ಡನ್ನು ಅಳಿಯ ಕೇಳಿದ, ಕೊಟ್ಟೆ. ರೀಡರಿನ ಕೇಬಲಿಗೆ ಈಗ ಕೆಂಪು ದಾರ ಸುತ್ತಿದ್ದೇನೆ, ಟಾರ್ಚಿನದ್ದು ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ.